ಮುಗಿದ ರಿಯಾಯ್ತಿಗೆ ಗಡಿ ದಾಟಿ ಬಂದ ರೈತ

ಹಿಂದೂಪುರದಲ್ಲಿ ನೆಲೆಸಿರುವ ನಾನು ಕಳೆದ ಮೇ ತಿಂಗಳಲ್ಲಿ ಕಲ್ಯಾಣದುರ್ಗದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಅಲ್ಲಿ ಬೋರ್‌ವೆಲ್ ಮೋಟಾರುಗಳ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅಂಗಡಿ ಮುಂದೆ ಪಾವಗಡ ಕಡೆಯ ರೈತರೊಬ್ಬರು ಮೋಟಾರು ಹೇರಿದ ಟೆಂಪೊ ನಿಲ್ಲಿಸಿಕೊಂಡು ವಾದಕ್ಕಿಳಿದಿದ್ದರು. 'ಐನೂರು ರೂಪಾಯಿ ರಿಯಾಯ್ತಿ ಅಂತ ಫೋನಲ್ಲೇ ಐತಲ್ಲಪ್ಪ, ಅದು ನೋಡಿಯೇ ಬಂದಿದ್ದು!' ಎನ್ನುವುದು ಅವರ ಅಹವಾಲು.

ರೈತನ ಮಾತು ಸುಳ್ಳಲ್ಲ. ಸಂಕ್ರಾಂತಿಯ ರಿಯಾಯ್ತಿಯನ್ನು ಹುಡುಗ ಗೂಗಲ್‌ನ ತನ್ನ ಅಂಗಡಿ ಪುಟದಲ್ಲಿ Update ಎಂದು ಹಾಕಿದ್ದ. ಅದಕ್ಕೆ ಕೊನೆಯ ದಿನ ಕೇಳುವುದಿಲ್ಲ. ನಾವಾಗಿ ತೆಗೆಯದಿದ್ದರೆ ಆರು ತಿಂಗಳು ಹಾಗೇ ಉಳಿಯುತ್ತದೆ. ಗಿರಾಕಿಯನ್ನು ಬರಿಗೈಲಿ ಕಳಿಸಲಾಗದೆ ಆತ ಐನೂರು ಬಿಟ್ಟುಕೊಟ್ಟ.

ಆ ರಾತ್ರಿ ಇಬ್ಬರೂ ಕೂತು ಪುಟ ಸರಿಮಾಡಿದೆವು. ರಿಯಾಯ್ತಿಗಿರುವುದು Offer ಎಂಬ ಬೇರೆ ಬಗೆ. ಅದರಲ್ಲಿ ಶೀರ್ಷಿಕೆ, ಆರಂಭದ ದಿನ, ಮುಗಿಯುವ ದಿನ ತುಂಬಲೇಬೇಕು. ದಿನ ಕಳೆದ ಮೇಲೆ ಅದು ಚಾಲ್ತಿಯಲ್ಲಿರುವುದಿಲ್ಲ. ಷರತ್ತಿಗೂ ಜಾಗವುಂಟು. ಅಲ್ಲಿ 'ಪೂರ್ತಿ ರಿವೈಂಡಿಂಗ್‌ಗೆ ಮಾತ್ರ, ಬೇರಿಂಗ್ ಬದಲಾವಣೆಗೆ ಇಲ್ಲ' ಎಂದು ಬರೆದೆವು.

'ಮಾವ, ಹೋದ ವಾರ ಹಾಕಿದ್ದು ಬರಲೇ ಇಲ್ಲ' ಎಂದ. ನೋಡಿದರೆ ಒಕ್ಕಣೆಯೊಳಗೆ ಫೋನ್ ನಂಬರು ಬರೆದಿದ್ದ. ದುರುಪಯೋಗ ಆಗದಿರಲೆಂದು ಅದಕ್ಕೆ ಅವಕಾಶವಿಲ್ಲ, ಹೀಗಾಗಿ ತಿರಸ್ಕೃತವಾಗಿತ್ತು. ನಂಬರಿನ ಬದಲು Update ಕೆಳಗೆ Call now ಗುಂಡಿ ಆರಿಸಿದರೆ ಸಾಕು. ಅದನ್ನು ಒತ್ತಿದರೆ ಪುಟದಲ್ಲಿ ನಮೂದಿಸಿರುವ ನಂಬರಿಗೇ ಕರೆ ಹೋಗುತ್ತದೆ. ಆದ್ದರಿಂದ ಆ ನಂಬರು ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಇನ್ನು ಒಕ್ಕಣೆ. 'ಎಲ್ಲಾ ಸೇವೆಗಳೂ ಲಭ್ಯ, ಒಮ್ಮೆ ಭೇಟಿ ಕೊಡಿ' ಎಂದಿತ್ತು. ಮೋಟಾರು ಸುಟ್ಟು, ಬೆಳೆ ಒಣಗುತ್ತಿರುವ ರೈತನಿಗೆ ಇದರಿಂದ ಏನು ತಿಳಿದೀತು? ಸಾವಿರದೈನೂರು ಅಕ್ಷರದವರೆಗೆ ಬರೆಯಬಹುದಾದರೂ ಮೊದಲಿಗೆ ಕಾಣುವುದು ಒಂದೆರಡು ಸಾಲು ಮಾತ್ರ. ಹಾಗಾಗಿ ಹೀಗೆ ತಿದ್ದಿದೆವು: '5ರಿಂದ 10 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ರಿವೈಂಡಿಂಗ್. ಬೆಳಿಗ್ಗೆ ತಂದರೆ ಮರುದಿನ ಸಂಜೆ ಸಿದ್ಧ. ಹೊರಡುವ ಮುನ್ನ ಕರೆ ಮಾಡಿ.' ಕೆಳಗೆ ಇದನ್ನೇ ತೆಲುಗಿನಲ್ಲೂ ಹಾಕಿದೆವು. ಗಡಿಯೂರಿನ ಗಿರಾಕಿ ಎರಡೂ ಕಡೆಯವನಲ್ಲವೇ?

ಇಷ್ಟರಿಂದಲೇ ಅಂಗಡಿ ಹೆಸರು ಹುಡುಕಾಟದಲ್ಲಿ ಮೇಲಕ್ಕೇರುತ್ತದೆಂದು ನಂಬಬಾರದು. ಹುಡುಕುವವನಿಗೆ ಅಂಗಡಿ ಎಷ್ಟು ದೂರ, ಅವನು ಕೇಳಿದ ಕೆಲಸ ಅಲ್ಲಿ ಆಗುತ್ತದೆಯೇ, ಎಷ್ಟು ಹೆಸರುವಾಸಿ ಎಂಬುದರ ಮೇಲೆ ಅದು ನಿಂತಿದೆ. ಒಕ್ಕಣೆಯ ಕೆಲಸ, ಪುಟ ತೆರೆದವನು ಟೆಂಪೊ ಬಾಡಿಗೆ ಕೊಡುವ ಮುಂಚೆಯೇ ಫೋನ್ ಮಾಡುವಂತೆ ನೋಡಿಕೊಳ್ಳುವುದು.

ಹಿಂದೂಪುರದ ಬಸ್ ಹತ್ತುವಾಗ ಹುಡುಗ, 'ದಸರಾಕ್ಕೆ ಹಾಕೋವಾಗ ಕೊನೇ ದಿನ ಮರೆಯಲ್ಲ ಮಾವ' ಎಂದ. ಐನೂರು ರೂಪಾಯಿ ಕಲಿಸಿದ ಪಾಠವದು.