ಹಣ ಶೇ 12 ಹೆಚ್ಚಿದರೂ ಬೆಲೆ ಶೇ 18 ಏರಲಿಲ್ಲ ಏಕೆ? ಲೋಕಲ್ ರೈಲು ನಿಂತ ವರ್ಷದ ಲೆಕ್ಕ

ದೇಶದಲ್ಲಿ ಹಣ ಹೆಚ್ಚಾದರೆ ಬೆಲೆ ಏರುತ್ತದೆ ಎಂಬ ಮಾತಿದೆ. ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಲು ಅರ್ಥಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ. ಅದೇ ಹಣದ ಪರಿಮಾಣ ಸಿದ್ಧಾಂತ. ಆದರೆ 2020-21ರಲ್ಲಿ ಈ ಲೆಕ್ಕ ಭಾರತದಲ್ಲಿ ಪೂರ್ತಿ ತಪ್ಪಿತು. ಕಾರಣ ತಿಳಿಯಲು ಠಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬೈನ ಅಂದಿನ ಸ್ಥಿತಿ ನೆನೆದರೆ ಸಾಕು.

ಸೂತ್ರ ಏನು?

MV = PY. ಇಲ್ಲಿ M ಎಂದರೆ ಹಣದ ಪ್ರಮಾಣ, P ಬೆಲೆ ಮಟ್ಟ, Y ವಾಸ್ತವ ಉತ್ಪಾದನೆ. V ಎಂದರೆ ಹಣ ಕೈಯಿಂದ ಕೈಗೆ ಓಡಾಡುವ ವೇಗ.

ಡೊಂಬಿವಲಿಯ ಉಡುಪಿ ಹೋಟೆಲಿನಲ್ಲಿ ಗ್ರಾಹಕರೊಬ್ಬರು 500 ರೂಪಾಯಿ ಬಿಲ್ ಕಟ್ಟುತ್ತಾರೆ ಎಂದುಕೊಳ್ಳಿ. ಮಾಲೀಕರು ಅದನ್ನೇ ಮಗಳ ಟ್ಯೂಷನ್ ಶುಲ್ಕವಾಗಿ ಕೊಡುತ್ತಾರೆ. ಟ್ಯೂಷನ್ ಶಿಕ್ಷಕಿ ಅದರಲ್ಲಿ ಕಲ್ಯಾಣ್‌ನಲ್ಲಿ ಬಟ್ಟೆ ಕೊಳ್ಳುತ್ತಾರೆ. ನೋಟು ಒಂದೇ, ನಡೆದ ಖರೀದಿ 1,500 ರೂಪಾಯಿಯದು. ಇಲ್ಲಿ ವೇಗ 3.

ಈ ವೇಗ ಬದಲಾಗುವುದಿಲ್ಲ ಎಂದಿಟ್ಟುಕೊಂಡರೆ ಲೆಕ್ಕ ಸುಲಭ. ಹಣದ ಬೆಳವಣಿಗೆಯಿಂದ ಉತ್ಪಾದನೆಯ ಬೆಳವಣಿಗೆ ಕಳೆದರೆ ಹಣದುಬ್ಬರ ಸಿಗುತ್ತದೆ. ಹಣ ಶೇ 10, ಉತ್ಪಾದನೆ ಶೇ 6 ಹೆಚ್ಚಿದರೆ ಹಣದುಬ್ಬರ ಶೇ 4. ನಿಖರವಾಗಿ ಬೇಕಿದ್ದರೆ 1.10 ಅನ್ನು 1.06ರಿಂದ ಭಾಗಿಸಬೇಕು, ಆಗ ಸುಮಾರು ಶೇ 3.8 ಬರುತ್ತದೆ.

ಲೆಕ್ಕ ತಪ್ಪಿದ್ದು ಎಲ್ಲಿ?

2020-21ರಲ್ಲಿ ಬ್ಯಾಂಕ್ ಠೇವಣಿಯೂ ಸೇರಿದ ಹಣದ ಪ್ರಮಾಣ (M3) ಸುಮಾರು ಶೇ 12 ಹೆಚ್ಚಿತು. ವಾಸ್ತವ ಜಿಡಿಪಿ ಸುಮಾರು ಶೇ 6 ಕುಸಿಯಿತು. ಸೂತ್ರದಂತೆ 12ರಿಂದ ಮೈನಸ್ 6 ಕಳೆದರೆ ಹಣದುಬ್ಬರ ಶೇ 18 ಆಗಬೇಕಿತ್ತು. ಆದರೆ ಚಿಲ್ಲರೆ ಹಣದುಬ್ಬರ ಸರಾಸರಿ ಶೇ 6.2 ಮಾತ್ರ ಇತ್ತು.

ವ್ಯತ್ಯಾಸಕ್ಕೆ ಕಾರಣ ವೇಗ. 2020ರ ಮಾರ್ಚ್‌ನಲ್ಲಿ ಮುಂಬೈ ಲೋಕಲ್ ರೈಲುಗಳು ನಿಂತವು. ಜೂನ್‌ನಲ್ಲಿ ಅಗತ್ಯ ಸೇವೆಯವರಿಗಷ್ಟೇ ಶುರುವಾದವು. ಸಾಮಾನ್ಯ ಪ್ರಯಾಣಿಕರೆಲ್ಲರಿಗೂ, ಅದೂ ನಿಗದಿತ ಸಮಯದಲ್ಲಿ ಮಾತ್ರ, ಅವಕಾಶ ಸಿಕ್ಕಿದ್ದು 2021ರ ಫೆಬ್ರವರಿ 1ರಿಂದ. ರೈಲಿಲ್ಲದೆ ಸ್ಟೇಷನ್ ಪಕ್ಕದ ಹೋಟೆಲ್, ಅಂಗಡಿ, ಆಟೋಗಳಿಗೆ ಗಿರಾಕಿ ಇಲ್ಲವಾದರು. ಮುಂದೇನೋ ಎಂಬ ಭಯದಿಂದ ಜನ ಹಣ ಕೂಡಿಟ್ಟರು. ಹೋಟೆಲಿಗೇ ಬಾರದ 500ರ ನೋಟು ಟ್ಯೂಷನ್‌ಗೂ ಹೋಗಲಿಲ್ಲ, ಬಟ್ಟೆ ಅಂಗಡಿಗೂ ತಲುಪಲಿಲ್ಲ.

ಸೂತ್ರವನ್ನು ತಿರುಗಿಸಿದರೆ ಕುಸಿತದ ಅಂದಾಜೂ ಸಿಗುತ್ತದೆ. ಹಣದುಬ್ಬರ 6, ಉತ್ಪಾದನೆ ಮೈನಸ್ 6, ಎರಡೂ ಸೇರಿ ಸೊನ್ನೆ. ಅದರಿಂದ ಹಣದ 12 ಕಳೆದರೆ ವೇಗ ಸುಮಾರು ಶೇ 12 ಇಳಿದಂತಾಯಿತು. ಹೆಚ್ಚಿದಷ್ಟೂ ಹಣ ಓಡಾಡದೆ ಕುಳಿತಿತ್ತು.

ಯಾವಾಗ ನಂಬಬಹುದು?

ಪ್ರಸ್ತುತ ಬೆಲೆಯಲ್ಲಿನ ಜಿಡಿಪಿಯನ್ನು M3ರಿಂದ ಭಾಗಿಸಿದರೆ ವೇಗ ಸಿಗುತ್ತದೆ. ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ಸರಳ ಸೂತ್ರ ಕೆಲಸ ಮಾಡುತ್ತದೆ. 1985ರಲ್ಲಿ ಸುಖಮಯ್ ಚಕ್ರವರ್ತಿ ಸಮಿತಿ ಹಣದ ಬೆಳವಣಿಗೆಗೆ ಗುರಿ ಇಡಲು ಶಿಫಾರಸು ಮಾಡಿತ್ತು. ಆದರೆ ಹಣ ಮತ್ತು ಬೆಲೆಯ ನಂಟು ಸಡಿಲವಾದಂತೆ ಆರ್‌ಬಿಐ 1998ರಲ್ಲಿ ಆ ದಾರಿ ಬಿಟ್ಟಿತು. 2016ರಿಂದ ಗುರಿ ಇಟ್ಟಿರುವುದು ಹಣದ ಪ್ರಮಾಣಕ್ಕಲ್ಲ, ನೇರವಾಗಿ ಶೇ 4ರ ಹಣದುಬ್ಬರಕ್ಕೆ.