ಕ್ಯಾಸೆಟ್ಟಿನೊಳಗಿನ ಅಪ್ಪಯ್ಯ

ಸಾಗರದ ಕಡೆಯ ಮನೆಯೊಂದರಿಂದ ಬೆಂಗಳೂರಿನ ಸೌಂಡ್ ಎಡಿಟರ್ ಒಬ್ಬರ ಮೇಜಿಗೆ ಬಂದ ಕ್ಯಾಸೆಟ್ಟಿನ ಮೇಲೆ ‘ಅಪ್ಪಯ್ಯ’ ಎಂದಷ್ಟೇ ಬರೆದಿತ್ತು. ಕಳಿಸಿದ್ದು ಮೊಮ್ಮಗ. ಟೇಪಿನ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಮಲೆನಾಡಿನ ಮಳೆಗಾಲಗಳನ್ನು ಕಪಾಟಿನಲ್ಲಿ ಕಳೆದ ಕ್ಯಾಸೆಟ್ಟಿಗೆ ಇದು ಮಾಮೂಲಿ ಕಾಯಿಲೆ. ಹಾಗೇ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತುತ್ತದೆ, ಅಂಟಿಕೊಂಡ ಟೇಪು ಹರಿಯಲೂಬಹುದು.

ಅವರು ಮಾಸ್ಕ್ ಕಟ್ಟಿಕೊಂಡು, ಚೆನ್ನಾಗಿ ಒಣಗಿಸಿದ ಟೇಪನ್ನು ನಿಧಾನವಾಗಿ ಬಿಚ್ಚುತ್ತ ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ, ಸ್ಕ್ರೂ ಇರುವ ಬೇರೆ ಡಬ್ಬಿಗೆ ಸುತ್ತಿದರು. ಆಮೇಲೆ ಡೆಕ್ಕಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕಿವಿಗೊಟ್ಟರು. ರೆಕಾರ್ಡ್ ಮಾಡಿದ ಹೆಡ್ ವಾಲಿದ್ದ ಕೋನವೇ ಇಲ್ಲೂ ಸಿಗದಿದ್ದರೆ ಸ, ಶ, ಚ ಮಂಕಾಗುತ್ತವೆ. ಈ ಹಂತದಲ್ಲಿ ಕೈತಪ್ಪಿದ್ದು ಮುಂದೆ ಕಂಪ್ಯೂಟರಿನಲ್ಲಿ ಪೂರ್ತಿ ಸಿಗದು. ಅಕ್ಷರಗಳು ಬಿಡಿಬಿಡಿಯಾಗಿ ಕೇಳಿದ ಮೇಲೆಯೇ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಪ್ರತಿ ಇಳಿಸಿ, ಅದನ್ನು ಮುಟ್ಟದೆ ಎತ್ತಿಟ್ಟರು.

ಆದರೂ ಅಜ್ಜನ ಮಗಳು ಫೋನಿನಲ್ಲಿ ಕೇಳಿ, “ಇದು ಅಪ್ಪಯ್ಯನ ದನಿ ಅಲ್ಲ ಮೇಡಂ, ಯಾವುದೋ ಹುಡುಗ ಮಾತಾಡಿದ ಹಾಗಿದೆ” ಎಂದರು.

ಸುಳಿವು ಸಿಕ್ಕಿದ್ದು ಮಾತಿನಡಿಯ ಗುಂಯ್ ಸದ್ದಿನಲ್ಲಿ. ನಮ್ಮ ಮನೆಗಳ ಕರೆಂಟಿನದು 50 ಹರ್ಟ್ಸ್. ರೆಕಾರ್ಡರಿಗೆ ನುಸುಳಿದ ಆ ಗುಂಯ್ ಇಲ್ಲಿ 53ರಲ್ಲಿತ್ತು. ಎಡಿಟರರ ಡೆಕ್ಕಿನದೇ ಆಗಿದ್ದರೆ ಅದು 50ರ ಆಸುಪಾಸಿನಲ್ಲೇ ಇರಬೇಕಿತ್ತು. ಅಂದರೆ ಅಂದಿನ ರೆಕಾರ್ಡರ್ ನಿಧಾನವಾಗಿ ಓಡಿದೆ; ಬೆಲ್ಟ್ ಸಡಿಲವಾಗಿದ್ದಿರಬೇಕು. ಸರಿಯಾದ ವೇಗದಲ್ಲಿ ಓಡಿಸಿದಾಗ ಅಜ್ಜನ ದನಿ ತೆಳುವಾಗಿ ಮೇಲೇರಿದೆ. 50ನ್ನು 53ರಿಂದ ಭಾಗಿಸಿ ವೇಗವನ್ನು ನೂರಕ್ಕೆ 94.3ಕ್ಕೆ ಇಳಿಸಿದರು. ಆ ಕಾಲದ ಕರೆಂಟಿನಲ್ಲಿ 50 ಎಂಬುದೂ ಏರಿಳಿಯುತ್ತಿತ್ತು, ಹಾಗಾಗಿ ಲೆಕ್ಕವನ್ನೇ ನಂಬಿ ಕೂರುವಂತಿರಲಿಲ್ಲ. ಮತ್ತೆ ಫೋನು. ಇನ್ನೊಂದು ಚೂರು ಇಳಿಸಿದಾಗ ಆ ಕಡೆಯಿಂದ ಮಾತೇ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹೌದು, ಇದೇ” ಎಂದರು.

ಉಳಿದದ್ದು ಸುಯ್ಯೆನ್ನುವ ಸದ್ದು. ಮಾತಿಲ್ಲದ ಎರಡು ಸೆಕೆಂಡಿನ ತುಣುಕನ್ನು ಮಾದರಿಯಾಗಿ ಕೊಟ್ಟರೆ ಸಾಫ್ಟ್‌ವೇರ್ ಅಂಥ ಸದ್ದನ್ನು ಎಲ್ಲೆಡೆ ತಗ್ಗಿಸುತ್ತದೆ. ಅತಿಯಾದರೆ ಮನುಷ್ಯ ನೀರೊಳಗಿನಿಂದ ಮಾತಾಡಿದಂತೆ ಕೇಳುತ್ತದೆ. ಅವರು 8 ಡೆಸಿಬೆಲ್‌ಗೆ ನಿಲ್ಲಿಸಿ, ನಡುನಡುವೆ ಬರುತ್ತಿದ್ದ ‘ಕಟಕ್’ಗಳನ್ನು ಒಂದೊಂದಾಗಿ ಅಳಿಸಿದರು. ಒಂದು ಕಡೆ ಯಾರೋ ಬಟನ್ ಒತ್ತಿ ಹನ್ನೊಂದು ಸೆಕೆಂಡು ಅಳಿಸಿಬಿಟ್ಟಿದ್ದರು. ಅಲ್ಲಿ ಏನೂ ಉಳಿದಿರಲಿಲ್ಲ, ಹಾಗೇ ಬಿಟ್ಟರು.

ಮುಗಿಸಿದ ಫೈಲ್ ಕೇಳಿದ ಮಗಳು ಕೇಳಿದ್ದು ಒಂದೇ: “ಅಡಕತ್ತರಿ ಸದ್ದು ಎಲ್ಲಿ ಹೋಯಿತು? ಅಪ್ಪಯ್ಯ ಅಡಿಕೆ ಕತ್ತರಿಸುತ್ತಲೇ ಅಲ್ಲವೇ ಕತೆ ಹೇಳುತ್ತಿದ್ದುದು.”

ಎಡಿಟರ್ ಎತ್ತಿಟ್ಟಿದ್ದ ಮೊದಲ ಪ್ರತಿಯನ್ನು ತೆರೆದು, ಆ ಕಟಕ್‌ಗಳನ್ನು ಇದ್ದಲ್ಲಿಗೇ ಮರಳಿ ತರಲು ಕೂತರು.