ಮೀಟರ್ ರೀಡಿಂಗ್‌ಗೆ ಮುಂಚೆಯೋ, ಆಮೇಲೋ?

ಶಾಲೆ, ಆಫೀಸುಗಳಲ್ಲಿ ಕಾಣುವ ದೊಡ್ಡ ಜೆರಾಕ್ಸ್ ಮೆಷಿನ್‌ಗಳಲ್ಲಿ ಎಷ್ಟೋ ಬಾಡಿಗೆಯವು. ಟೋನರ್, ರಿಪೇರಿ ಸಾಮಾನ್ಯವಾಗಿ ಬಾಡಿಗೆಗೆ ಕೊಟ್ಟವರ ಪಾಲು, ಕಾಗದ ನಮ್ಮದು. ತಿಂಗಳ ಕೊನೆಗೆ ಒಬ್ಬರು ಬಂದು ಮೀಟರ್ ನೋಡಿ ಬರೆದುಕೊಂಡು ಹೋಗುತ್ತಾರೆ. ಬಿಲ್ ಹುಟ್ಟುವುದು ಅಲ್ಲಿಂದ.

ಒಂದು ಶಾಲೆಯ ಕರಾರು ಹೀಗಿದೆ ಎಂದುಕೊಳ್ಳಿ: ತಿಂಗಳಿಗೆ ಕನಿಷ್ಠ 10,000 ಪ್ರತಿಗೆ 6,000 ರೂಪಾಯಿ, ಅದರ ಮೇಲಿನ ಪ್ರತಿಗೆ 70 ಪೈಸೆ, ಒಟ್ಟಿನ ಮೇಲೆ ಶೇ. 18 ಜಿಎಸ್‌ಟಿ. 2,000 ಪ್ರತಿ ತೆಗೆದರೂ 6,000 ಕೊಡಲೇಬೇಕು.

ಬಿಲ್ ಅಂದಾಜಿಗೆ ಹೆಚ್ಚಿನವರು ಹಿಂದಿನ ತಿಂಗಳುಗಳ ಸರಾಸರಿ ಹಿಡಿಯುತ್ತಾರೆ. ಎಡವುವುದು ಅಲ್ಲೇ. ಒಂದು ತಿಂಗಳು 7,000, ಇನ್ನೊಂದು ತಿಂಗಳು 13,000 ಪ್ರತಿ ಆದರೆ ಸರಾಸರಿ 10,000. ಹೆಚ್ಚುವರಿಯೇ ಇಲ್ಲ ಅನ್ನಿಸುತ್ತದೆ. ಆದರೆ ತೆರಿಗೆ ಬಿಟ್ಟು ಮೊದಲ ಬಿಲ್ 6,000, ಎರಡನೆಯದು 8,100. ಬಳಸದೆ ಉಳಿದ 3,000 ಪ್ರತಿ ಮುಂದಿನ ತಿಂಗಳಿಗೆ ಜಮಾ ಆಗಲಿಲ್ಲ. ಕೆಲವರು ಮೂರು ತಿಂಗಳಿಗೊಮ್ಮೆ ಒಟ್ಟು ಲೆಕ್ಕ ಮಾಡಲು ಒಪ್ಪುತ್ತಾರೆ. ದರದಲ್ಲಿ ಐದು ಪೈಸೆಗೆ ಚೌಕಾಸಿ ಮಾಡುವುದಕ್ಕಿಂತ ಇದನ್ನು ಕೇಳುವುದೇ ಲಾಭ ಎಂದು ನನಗನ್ನಿಸುತ್ತದೆ.

ಆದ್ದರಿಂದ ಅಂದಾಜನ್ನು ಆಯಾ ತಿಂಗಳ ಮೀಟರಿನಿಂದಲೇ ಮಾಡಬೇಕು. ಒಂದನೇ ತಾರೀಖು ಬೆಳಿಗ್ಗೆ ಮೀಟರ್ 2,41,300 ಇತ್ತು, ಹನ್ನೆರಡರ ಸಂಜೆ 2,46,100. ನಡುವೆ ಕೆಲಸದ ದಿನ ಹತ್ತು, ಅಂದರೆ ದಿನಕ್ಕೆ 480. ತಿಂಗಳಿಗೆ 25 ಕೆಲಸದ ದಿನ ಎಂದರೆ 12,000 ಪ್ರತಿ. ಹೆಚ್ಚುವರಿ 2,000ಕ್ಕೆ 1,400 ರೂಪಾಯಿ ಸೇರಿ 7,400; ತೆರಿಗೆಯೊಂದಿಗೆ 8,732.

ಇದು ಮಾಮೂಲಿ ಓಟ. ಇದರ ಮೇಲೆ ಗೊತ್ತಿರುವ ದೊಡ್ಡ ಕೆಲಸವನ್ನು ಬೇರೆಯಾಗಿ ಕೂಡಿಸಬೇಕು. ತಿಂಗಳ ಕೊನೆಗೆ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗಬೇಕು: 300 ಮಕ್ಕಳು, ಐದು ವಿಷಯ, ತಲಾ ನಾಲ್ಕು ಪುಟ. ಎರಡೂ ಬದಿಗೆ ಅಚ್ಚು ಹಾಕಿದರೆ ಕಾಗದ ಅರ್ಧ ಉಳಿಯುತ್ತದೆ, ಆದರೆ ಮೀಟರ್ ಎಣಿಸುವುದು ಪುಟವನ್ನು. ಹಾಗಾಗಿ 6,000 ಪೂರ್ತಿ ಓಡುತ್ತದೆ. ಒಟ್ಟು 18,000, ಬಿಲ್ 11,600, ತೆರಿಗೆ ಸೇರಿ 13,688.

ಈಗ ಕ್ಯಾಲೆಂಡರ್ ನೋಡಿ. ಪರೀಕ್ಷೆ ಮುಂದಿನ ತಿಂಗಳ ಮೂರಕ್ಕೆ ಶುರು, ಆಮೇಲೆ ದಸರಾ ರಜೆ. ಆ ತಿಂಗಳ ಮಾಮೂಲಿ ಬಳಕೆ 3,000 ದಾಟುವುದು ಕಷ್ಟ. 30ರ ರೀಡಿಂಗ್ ಮುಗಿದ ಮೇಲೆ, ಒಂದನೇ ತಾರೀಖು ಪತ್ರಿಕೆ ಅಚ್ಚು ಹಾಕಿದರೆ ಆ 6,000 ಪ್ರತಿ ಹೇಗೂ ಹಣ ಕೊಡಬೇಕಾದ ಕನಿಷ್ಠದೊಳಗೇ ಕೂರುತ್ತದೆ. ಉಳಿಯುವುದು ತೆರಿಗೆ ಸೇರಿ 4,956 ರೂಪಾಯಿ.